ಬಾಡಿಗೆ ಮನೆಯ ಗೋಡೆ ಕೊರೆದಿದ್ದಾರೆ, ಗ್ರಿಲ್ ಬದಲಿಸಿದ್ದಾರೆ: ಸರಿಪಡಿಸಿ ಅಂತ ಪತ್ರ ಬರೆಯುವುದು ಹೇಗೆ?

ಬೆಂಗಳೂರಿನ ವಿಜಯನಗರದಲ್ಲಿ ನಮ್ಮದೊಂದು ಮೊದಲ ಮಹಡಿಯ ಮನೆ ಇದೆ. ನಾವಿರುವುದು ಮೈಸೂರಿನಲ್ಲಿ. 2022ರ ಜೂನ್‌ನಲ್ಲಿ ಒಂದು ಕುಟುಂಬಕ್ಕೆ ಬಾಡಿಗೆಗೆ ಕೊಟ್ಟೆವು. ಬಾಡಿಗೆ ತಿಂಗಳಿಗೆ 18,000 ರೂಪಾಯಿ, ಅಡ್ವಾನ್ಸ್ ಒಂದು ಲಕ್ಷ. ಒಳ್ಳೆಯ ಜನ. ಬಾಡಿಗೆ ಒಂದು ದಿನವೂ ತಡ ಆಗಿರಲಿಲ್ಲ. 2025ರ ಜನವರಿಯಲ್ಲಿ ಸಂಪಿನ ಮೋಟಾರ್ ರಿಪೇರಿಗೆ ಅಂತ ಹೋದಾಗ ಕೆಳಗಿನಿಂದ ತಲೆ ಎತ್ತಿ ನೋಡಿದೆ. ಮಲಗುವ ಕೋಣೆಯ ಕಿಟಕಿಗೆ ಬೇರೆಯದೇ ಗ್ರಿಲ್ ಇತ್ತು. ಸಜ್ಜಾದ ಮೇಲೆ ಎಸಿಯ ಹೊರಗಿನ ಪೆಟ್ಟಿಗೆ ಕೂತಿತ್ತು. ಬಿಸಿಲು ಬಿದ್ದಾಗ ಗ್ರಿಲ್ಲಿನ ನಾಲ್ಕು ಮೂಲೆಯಲ್ಲೂ ಸ್ಕ್ರೂ ತಲೆಗಳು ಹೊಳೆಯುತ್ತಿದ್ದವು. ಸ್ಕ್ರೂಗಳನ್ನು ಹೊರಗಿನಿಂದ ಹಾಕಿದ್ದರು. ಅಂದರೆ ಸಜ್ಜಾ ಹತ್ತಿದ ಯಾರೇ ಆಗಲಿ, ಒಂದು ಸ್ಕ್ರೂ ಡ್ರೈವರ್ ಇದ್ದರೆ ಐದು ನಿಮಿಷದಲ್ಲಿ ಗ್ರಿಲ್ ಬಿಚ್ಚಿ ಒಳಗೆ ಹೋಗಬಹುದು.

ಅವತ್ತೇ ಸಂಜೆ ಸಿಟ್ಟಿನಲ್ಲಿ ಒಂದು ಮೆಸೇಜ್ ಕಳಿಸಿದೆ. “ನಮ್ಮನ್ನು ಕೇಳದೆ ಮನೆ ಹಾಳು ಮಾಡಿದ್ದೀರಿ. ಕೂಡಲೇ ಎಲ್ಲ ಮೊದಲಿನಂತೆ ಮಾಡಿಸಿ.” ಅದಕ್ಕೆ ಬಂದ ಉತ್ತರ: “ಸರ್, ಯಾವುದನ್ನು ಹೇಳ್ತಿದ್ದೀರಿ?” ಆಮೇಲೆ ಮೂರು ವಾರ ಫೋನಿನಲ್ಲಿ ಬರೀ ಮಾತಿಗೆ ಮಾತು. ಒಂದು ಕೆಲಸವೂ ಆಗಲಿಲ್ಲ. ಎರಡನೇ ಸಲ ಕೂತು ಸರಿಯಾಗಿ ಪತ್ರ ಬರೆದೆ. ಹದಿನೈದು ದಿನದೊಳಗೆ ಮುಖ್ಯವಾದದ್ದೆಲ್ಲ ಆಯಿತು. ಆ ಎರಡನೇ ಪತ್ರ ಹೇಗೆ ಬರೆದೆ ಅನ್ನುವುದನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ.

ಮೊದಲು ನಿಮ್ಮ ಕಾಗದಪತ್ರ ನೋಡಿಕೊಳ್ಳಿ

ಪೆನ್ನು ಹಿಡಿಯುವ ಮುಂಚೆ ಅಗ್ರಿಮೆಂಟ್ ತೆಗೆದು ಓದಿ. “ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಮನೆಯಲ್ಲಿ ಯಾವುದೇ ಬದಲಾವಣೆ ಮಾಡಬಾರದು” ಅನ್ನುವ ಸಾಲು ಸಾಮಾನ್ಯವಾಗಿ ಇರುತ್ತದೆ. ಅದು ಎಷ್ಟನೇ ಕಲಮು ಅಂತ ಗುರುತು ಹಾಕಿಕೊಳ್ಳಿ, ಪತ್ರದಲ್ಲಿ ಬೇಕಾಗುತ್ತದೆ. ಅಂಥ ಸಾಲೇ ಇಲ್ಲದಿದ್ದರೂ ನಿಮ್ಮ ಕೈ ಬರಿದಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಬಾಡಿಗೆದಾರರ ಹೊಣೆಯನ್ನು ಹೇಳುತ್ತದೆ. ಮನೆಯನ್ನು ತಾವು ತೆಗೆದುಕೊಂಡಾಗ ಇದ್ದ ಸ್ಥಿತಿಯಲ್ಲೇ ಇಟ್ಟುಕೊಂಡು, ಬಿಡುವಾಗ ಅದೇ ಸ್ಥಿತಿಯಲ್ಲಿ ಒಪ್ಪಿಸಬೇಕು. ಸಹಜವಾಗಿ ಬಳಸಿ ಸವೆದದ್ದಕ್ಕೆ, ಯಾರೂ ತಡೆಯಲಾಗದ ಅನಾಹುತದಿಂದ ಆದದ್ದಕ್ಕೆ ಮಾತ್ರ ವಿನಾಯಿತಿ. ಬಾಡಿಗೆದಾರರಿಂದಲೇ ಆದ ಹಾನಿಯ ಬಗ್ಗೆ ಮಾಲೀಕರು ನೋಟಿಸ್ ಕೊಟ್ಟರೆ, ಮೂರು ತಿಂಗಳೊಳಗೆ ಅದನ್ನು ಸರಿ ಮಾಡಿಕೊಡಬೇಕು. ಅಗ್ರಿಮೆಂಟಿನಲ್ಲಿ ಬೇರೆ ಗಡುವು ಬರೆದಿದ್ದರೆ ಅದೇ ನಡೆಯುತ್ತದೆ. ಅದೇ ಸೆಕ್ಷನ್ ಬಾಡಿಗೆದಾರರಿಗೂ ಒಂದು ಹಕ್ಕು ಕೊಟ್ಟಿದೆ. ತಾವು ಜೋಡಿಸಿದ್ದನ್ನು ಬಿಚ್ಚಿಕೊಂಡು ಹೋಗಬಹುದು, ಆದರೆ ಜಾಗವನ್ನು ಮೊದಲಿದ್ದಂತೆ ಬಿಡಬೇಕು. ನಮ್ಮ ವಿಷಯದಲ್ಲಿ ಎಸಿ ಅವರದು, ಅದು ಕೂರಲು ಕೊರೆದ ತೂತು ಮುಚ್ಚುವ ಹೊಣೆಯೂ ಅವರದು.

ಮುಂದೆ ನಿಮ್ಮದೇ ವಾಟ್ಸಾಪ್ ತೆಗೆದು ಹಿಂದಿನ ಮೆಸೇಜುಗಳನ್ನು ಓದಿ. ಇದನ್ನು ತುಂಬ ಜನ ಮರೆಯುತ್ತಾರೆ. “ಸರ್, ಟಿವಿ ಗೋಡೆಗೆ ಹಾಕಿಸ್ತಾ ಇದೀವಿ” ಅಂತ ಅವರು ಯಾವತ್ತೋ ಬರೆದು, ನೀವು ಹೆಬ್ಬೆರಳು ತೋರಿಸಿದ್ದರೆ ಅದನ್ನು ಒಪ್ಪಿಗೆ ಅಂತಲೇ ಅವರು ತೋರಿಸುತ್ತಾರೆ. ನನ್ನ ವಿಷಯದಲ್ಲೂ ಹಾಗೇ ಆಗಿತ್ತು. ಟಿವಿ ಬಗ್ಗೆ ಕೇಳಿದ್ದರು, ನಾನು “ಸರಿ” ಅಂದಿದ್ದೆ. ಅದು ನೆನಪಿಲ್ಲದೆ ಆಮೇಲೆ ಕಳಿಸಿದ ಒಂದು ಮೆಸೇಜಿನಲ್ಲಿ ಟಿವಿಯನ್ನೂ ಸೇರಿಸಿ ಬೈದಿದ್ದೆ. ಒಂದು ತಪ್ಪು ಆರೋಪ ಇದ್ದರೆ ಉಳಿದ ನಾಲ್ಕು ನಿಜವಾದ ದೂರೂ ಸಡಿಲವಾಗುತ್ತವೆ.

ಇನ್ನೊಂದು ಬಲೆ ಹನ್ನೊಂದು ತಿಂಗಳ ಅಗ್ರಿಮೆಂಟಿನದು. ಪ್ರತಿ ಸಲ ಹೊಸದಾಗಿ ಬರೆಸುವಾಗ “ಮನೆ ಈಗ ಸುಸ್ಥಿತಿಯಲ್ಲಿದೆ” ಅನ್ನುವ ಹಳೇ ಸಾಲನ್ನೇ ಟೈಪಿಸ್ಟ್ ಹಾಕಿಬಿಡುತ್ತಾರೆ. ಗ್ರಿಲ್ ಬದಲಾದ ಮೇಲೆ ನೀವು ಹೊಸ ಅಗ್ರಿಮೆಂಟಿಗೆ ಸಹಿ ಹಾಕಿದ್ದರೆ, “ನಮಗೆ ಮನೆ ಕೊಟ್ಟಾಗಲೇ ಈ ಗ್ರಿಲ್ ಇತ್ತು” ಅಂತ ಹೇಳಲು ಅದು ದಾರಿ ಮಾಡಿಕೊಡುತ್ತದೆ. ಆದ್ದರಿಂದ ಮೊದಲ ಅಗ್ರಿಮೆಂಟಿನ ಪ್ರತಿ ಮತ್ತು ಮನೆ ಕೊಟ್ಟ ದಿನದ ಫೋಟೋ ಎರಡನ್ನೂ ಹುಡುಕಿ. ಮುಂದಿನ ಸಲ ಬರೆಸುವಾಗ “ಮನೆಯ ಮೂಲ ಸ್ಥಿತಿ ಇಂಥ ತಾರೀಕಿನಂದು ತೆಗೆದ ಫೋಟೋ ಮತ್ತು ಪಟ್ಟಿಯಂತೆ” ಅಂತ ಒಂದು ಸಾಲು ಸೇರಿಸಿ. ಮನೆ ಕೊಟ್ಟಾಗ ಫೋಟೋ ತೆಗೆದಿಲ್ಲವೇ? ಬಾಡಿಗೆಗೆ ಇದೆ ಅಂತ ಜಾಹೀರಾತು ಹಾಕಿದಾಗ ತೆಗೆದ ಚಿತ್ರಗಳು, ಬ್ರೋಕರ್‌ಗೆ ಕಳಿಸಿದ ವಿಡಿಯೋ ನೋಡಿ. ನಮ್ಮ ಹಳೇ ಗ್ರಿಲ್ ಸಿಕ್ಕಿದ್ದು ಗೃಹಪ್ರವೇಶದ ಫೋಟೋ ಒಂದರ ಹಿನ್ನೆಲೆಯಲ್ಲಿ.

ಹೇಳಿ ಹೋಗಿ, ಜೊತೆಯಲ್ಲೇ ನೋಡಿ

ಮನೆ ನಿಮ್ಮದೇ ಆದರೂ ಈಗ ವಾಸ ಅವರದು. ಒಂದೆರಡು ದಿನ ಮುಂಚೆ ಕೇಳಿ, ಅವರಿಗೆ ಅನುಕೂಲವಾದ ಹೊತ್ತಿಗೆ ಹೋಗಿ. ನ್ಯಾಯವಾದ ಸಮಯದಲ್ಲಿ ಬಂದು ಮನೆಯ ಸ್ಥಿತಿ ನೋಡಲು ಕಾಯ್ದೆ ಮಾಲೀಕರಿಗೆ ಅವಕಾಶ ಕೊಟ್ಟಿದೆ. ಆದರೆ ಅವರಿಲ್ಲದಾಗ ನಿಮ್ಮ ಹತ್ತಿರ ಇರುವ ಕೀಲಿಯಿಂದ ಬಾಗಿಲು ತೆಗೆಯುವುದು ಬೇಡ. ಫೋಟೋ ತೆಗೆಯುವಾಗ ಗೋಡೆ, ಗ್ರಿಲ್ ಮಾತ್ರ ಬರಲಿ. ಅವರ ಬಟ್ಟೆಬರೆ, ಮಕ್ಕಳು, ದೇವರ ಮನೆ ಬರದ ಹಾಗೆ ನೋಡಿಕೊಳ್ಳಿ. ತೂತಿನ ಪಕ್ಕ ಒಂದು ಐದು ರೂಪಾಯಿ ನಾಣ್ಯ ಇಟ್ಟು ತೆಗೆದರೆ ಗಾತ್ರ ಗೊತ್ತಾಗುತ್ತದೆ.

ಯಾಕೆ ಮಾಡಿಸಿದಿರಿ ಅಂತ ಸಮಾಧಾನವಾಗಿ ಕೇಳಿ. ನಮ್ಮವರು ಹೇಳಿದ್ದು ಇದು. ಎಸಿ ಕೂರಿಸಲು ಬಂದ ಮೆಕ್ಯಾನಿಕ್ ಸಜ್ಜಾಕ್ಕೆ ಇಳಿಯಬೇಕಿತ್ತು. ಹಳೇ ಗ್ರಿಲ್ ಗೋಡೆಗೆ ಹೂತ ಹೋಲ್ಡ್‌ಫಾಸ್ಟ್ ಅನ್ನುವ ಕಬ್ಬಿಣದ ಪಟ್ಟಿಗೆ ಬೆಸುಗೆ ಆಗಿತ್ತು, ತೆರೆಯುವಂತಿರಲಿಲ್ಲ. ಆತ ಕಟಿಂಗ್ ಮೆಷಿನ್‌ನಿಂದ ಕತ್ತರಿಸಿ ತೆಗೆದ. ಆಮೇಲೆ ಯಾರೋ ವೆಲ್ಡರ್ ತೆರೆಯುವ ಗ್ರಿಲ್ ಮಾಡಿಕೊಟ್ಟು, ಹೊರಗಿನಿಂದ ಸ್ಕ್ರೂ ಹಾಕಿ ಹೋದ. ಹಳೇ ಗ್ರಿಲ್ ಎಲ್ಲಿದೆ ಅಂದರೆ ಗುಜರಿಗೆ ಹೋಗಿದೆ. ಈ ಪ್ರಶ್ನೆಯನ್ನು ಮರೆಯದೆ ಕೇಳಿ. ಹಳೇದು ಟೆರೇಸಿನಲ್ಲಿ ಬಿದ್ದಿದ್ದರೆ ಮತ್ತೆ ಕೂರಿಸುವುದು ಅರ್ಧ ದಿನದ ಕೆಲಸ. ಗುಜರಿಗೆ ಹೋಗಿದ್ದರೆ ಹೊಸದಾಗಿ ಮಾಡಿಸಬೇಕು, ಪತ್ರದಲ್ಲಿ ಅಳತೆಯನ್ನೂ ಬರೆಯಬೇಕು.

ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ

ಪತ್ರದ ಜೀವ ಇರುವುದೇ ಇಲ್ಲಿ ಅಂತ ನನ್ನ ಅನುಭವ. ಕಂಡದ್ದನ್ನೆಲ್ಲ “ಕೂಡಲೇ ಸರಿ ಮಾಡಿ” ಅಂದರೆ ಯಾವುದೂ ಆಗುವುದಿಲ್ಲ. ಈಗಲೇ ಆಗಬೇಕಾದದ್ದು ಯಾವುದು, ಮನೆ ಬಿಡುವಾಗ ಆದರೆ ಸಾಕಾದದ್ದು ಯಾವುದು, ನೀವೇ ಬಿಟ್ಟುಬಿಡುವುದು ಯಾವುದು ಅಂತ ಮೂರು ಪಾಲು ಮಾಡಿಕೊಳ್ಳಿ. ಸುರಕ್ಷತೆಗೆ ಕುಂದು ತರುವುದು, ನೀರು ಇಳಿಸುವುದು, ದಿನದಿನಕ್ಕೆ ಹೆಚ್ಚುವುದು ಮೊದಲನೇ ಪಾಲಿಗೆ. ನೋಡಲು ಚೆನ್ನಾಗಿಲ್ಲ ಅಷ್ಟೇ ಅನ್ನುವುದು ಎರಡನೇ ಪಾಲಿಗೆ. ಕ್ಯಾಲೆಂಡರ್ ಮೊಳೆ, ದೇವರ ಫೋಟೋ ಮೊಳೆ ಮೂರನೇದಕ್ಕೆ. ಮನೆ ಅಂದಮೇಲೆ ಅಷ್ಟೂ ಇರದೆ ಹೋಗುತ್ತದಾ?

ನಮ್ಮ ಮನೆಯ ಪಟ್ಟಿ ಹೀಗಿತ್ತು. ಹಾಲಿನಲ್ಲಿ ಟಿವಿ ಸ್ಟ್ಯಾಂಡಿನ ಆರು ತೂತು, ಅದಕ್ಕೆ ನನ್ನದೇ ಒಪ್ಪಿಗೆ ಇತ್ತು. ಕೋಣೆಗಳಲ್ಲಿ ಶೆಲ್ಫ್ ಮತ್ತು ಚಿತ್ರಗಳಿಗೆ ಕೊರೆದ ಒಂಬತ್ತು ತೂತು. ಇವೆಲ್ಲ ಈಗ ಮುಚ್ಚಿಸಿದರೆ ಯಾರಿಗೂ ಲಾಭವಿಲ್ಲ, ಮನೆ ಬಿಡುವಾಗ ನೋಡಿಕೊಂಡರಾಯಿತು. ಬಚ್ಚಲುಮನೆಯಲ್ಲಿ ಸ್ಟ್ಯಾಂಡ್ ಹಾಕಲು ಟೈಲ್ಸ್‌ಗೆ ನಾಲ್ಕು ತೂತು ಕೊರೆದಿದ್ದರು. ಒಂದು ಟೈಲ್ ಕೂದಲೆಳೆಯಷ್ಟು ಸೀಳಿತ್ತು. ನೋಡಲು ಏನೂ ಅಲ್ಲ ಅನಿಸುತ್ತದೆ. ಆದರೆ ಅದರ ಹಿಂದುಗಡೆ ಇರುವ ಪ್ಯಾಸೇಜಿನ ಗೋಡೆಯಲ್ಲಿ, ಸೊಂಟದ ಎತ್ತರಕ್ಕೆ, ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಬೆರಳಿಂದ ಒತ್ತಿದರೆ ಪುಡಿಯಾಗಿ ಉದುರಿತು. ಷವರಿನ ನೀರು ಆ ಸೀಳಿನಿಂದ ಒಳಕ್ಕೆ ಹೋಗಿ ಗಾರೆ ನೆನೆಸುತ್ತಿದೆ ಅಂತ ಅದರ ಅರ್ಥ. ಇದು ಈಗಲೇ ಆಗಬೇಕಾದ ಕೆಲಸ.

ಎಸಿ ಪೈಪಿಗೆ ಹೊರಗೋಡೆಯಲ್ಲಿ ಎರಡೂವರೆ ಇಂಚಿನ ತೂತು ಕೊರೆದಿದ್ದರು. ಇಂಥ ತೂತು ಕಂಡರೆ ಮೊದಲು ನೋಡಬೇಕಾದದ್ದು ಅದು ಇಟ್ಟಿಗೆ ಗೋಡೆಯಲ್ಲಿದೆಯೋ, ಬೀಮ್ ಅಥವಾ ಪಿಲ್ಲರ್‌ನಲ್ಲಿದೆಯೋ ಅಂತ. ಬೀಮಿನಲ್ಲಿ ಕೊರೆದಿದ್ದರೆ ಒಳಗಿನ ಕಬ್ಬಿಣದ ಸರಳು ತುಂಡಾಗಿರಬಹುದು. ಆಗ ಪತ್ರಕ್ಕೂ ಮುಂಚೆ ಒಬ್ಬ ಸಿವಿಲ್ ಎಂಜಿನಿಯರ್‌ಗೆ ತೋರಿಸಿ. ಅದನ್ನು ಸುಮ್ನೆ ಸಿಮೆಂಟ್ ಮೆತ್ತಿ ಮುಚ್ಚುವಂತಿಲ್ಲ. ನಮ್ಮದು ಪುಣ್ಯಕ್ಕೆ ಬೀಮಿನಿಂದ ಒಂದು ಗೇಣು ಕೆಳಗೆ, ಇಟ್ಟಿಗೆಯಲ್ಲೇ ಇತ್ತು. ಆದರೆ ಪೈಪಿನ ಸುತ್ತ ಬಿಟ್ಟ ಸಂದಿಗೆ ಪ್ಲಾಸ್ಟಿಕ್ ಕವರ್ ತುರುಕಿದ್ದರು. ಮಳೆ ನೀರು ಇಳಿದು ಒಳಗೋಡೆಯಲ್ಲಿ ಕಂದು ಗೆರೆ ಮೂಡಿತ್ತು. ಸಂದಿ ಮುಚ್ಚುವುದು ಈಗ, ತೂತನ್ನೇ ಮುಚ್ಚುವುದು ಎಸಿ ಬಿಚ್ಚುವಾಗ.

ಇನ್ನು ಗ್ರಿಲ್. ಅದು ಎಲ್ಲಕ್ಕಿಂತ ಮೊದಲು ಆಗಬೇಕು. ಗ್ರಿಲ್ಲಿನಲ್ಲಿ ಚಂದ ನೋಡಬೇಡಿ, ಮೂರು ವಿಷಯ ನೋಡಿ. ಗೋಡೆಗೆ ಹೇಗೆ ಹಿಡಿದಿದೆ? ಸ್ಕ್ರೂ ಹೊರಗಿದ್ದರೆ ಅದು ಗ್ರಿಲ್ಲೇ ಅಲ್ಲ. ಸರಳುಗಳ ನಡುವೆ ಎಷ್ಟು ಸಂದಿ ಇದೆ? ನಾಲ್ಕು ಇಂಚಿಗಿಂತ ಜಾಸ್ತಿ ಇದ್ದರೆ ಪುಟ್ಟ ಮಗುವಿಗೆ ಅಪಾಯ. ಸರಳುಗಳು ಅಡ್ಡಕ್ಕಿವೆಯೋ ಉದ್ದಕ್ಕಿವೆಯೋ? ಅಡ್ಡ ಸರಳು ಮಗುವಿಗೆ ಏಣಿಯ ಹಾಗೆ. ಮನೆ ಅಪಾರ್ಟ್‌ಮೆಂಟಿನಲ್ಲಿದ್ದರೆ ಸಂಘದ ನಿಯಮವನ್ನೂ ನೋಡಿ. ಹೊರಗೆ ಕಾಣುವ ಗ್ರಿಲ್ಲಿಗೆ ಒಂದೇ ವಿನ್ಯಾಸ ಅಂತ ಇದ್ದರೆ, ಸಂಘದವರು ಕೇಳುವುದು ಬಾಡಿಗೆದಾರರನ್ನಲ್ಲ, ನಿಮ್ಮನ್ನು.

ಪತ್ರ

ಈ ಪತ್ರದಲ್ಲಿ “ಮನೆ ಖಾಲಿ ಮಾಡಿ” ಅನ್ನುವ ಮಾತು ಬರಬಾರದು. ಖಾಲಿ ಮಾಡಿಸುವ ನೋಟಿಸ್ ಬೇರೆ, ಸರಿಪಡಿಸಲು ಕೇಳುವ ಪತ್ರ ಬೇರೆ. ಎರಡನ್ನೂ ಬೆರೆಸಿದರೆ ಅವರು ಕೆಲಸ ಮಾಡಿಸುವುದನ್ನು ಬಿಟ್ಟು ಬೇರೆ ಮನೆ ಹುಡುಕಲು ಹೊರಡುತ್ತಾರೆ. ಬೈಗುಳ, ಬೆದರಿಕೆ, ಪೊಲೀಸ್ ಮಾತು ಯಾವುದೂ ಬೇಡ. ಒಂದೊಂದು ವಿಷಯಕ್ಕೂ ಮೊದಲು ಹೇಗಿತ್ತು, ಈಗ ಹೇಗಿದೆ, ಏನಾಗಬೇಕು, ಯಾವಾಗೊಳಗೆ ಅನ್ನುವ ನಾಲ್ಕು ಉತ್ತರ ಇರಲಿ. ನಾನು ಕಳಿಸಿದ ಪತ್ರ ಇದು. ಹೆಸರು, ವಿಳಾಸ ತೆಗೆದಿದ್ದೇನೆ.

> ದಿನಾಂಕ: 10-02-2025
>
> ಇವರಿಗೆ,
> ಶ್ರೀ ………… ಮತ್ತು ಶ್ರೀಮತಿ …………,
> ಮೊದಲ ಮಹಡಿ, …………, ವಿಜಯನಗರ, ಬೆಂಗಳೂರು
>
> ವಿಷಯ: ಮನೆಯಲ್ಲಿ ಒಪ್ಪಿಗೆ ಇಲ್ಲದೆ ಆಗಿರುವ ಬದಲಾವಣೆಗಳನ್ನು ಸರಿಪಡಿಸುವ ಬಗ್ಗೆ
>
> ನಮಸ್ಕಾರ.
>
> ದಿನಾಂಕ 08-02-2025ರಂದು ನಿಮ್ಮ ಜೊತೆಯಲ್ಲೇ ಮನೆ ನೋಡಿದೆ. ಅವಕಾಶ ಮಾಡಿಕೊಟ್ಟದ್ದಕ್ಕೆ ಧನ್ಯವಾದ. ನಮ್ಮ ಅಗ್ರಿಮೆಂಟಿನ 9ನೇ ಕಲಮಿನಂತೆ ಮನೆಯಲ್ಲಿ ಬದಲಾವಣೆ ಮಾಡುವ ಮುಂಚೆ ನನ್ನ ಲಿಖಿತ ಒಪ್ಪಿಗೆ ಬೇಕು. ಕೆಳಗಿನ ಕೆಲಸಗಳಿಗೆ ಆ ಒಪ್ಪಿಗೆ ಪಡೆದಿಲ್ಲ.
>
> 1. ಮಲಗುವ ಕೋಣೆಯ ಕಿಟಕಿ ಗ್ರಿಲ್. ಮೊದಲು 4 ಅಡಿಗೆ 4 ಅಡಿ ಅಳತೆಯ, 12 ಎಂಎಂ ಚೌಕ ಸರಳಿನ, ಗೋಡೆಗೆ ಹೂತ ಗ್ರಿಲ್ ಇತ್ತು (ಫೋಟೋ 1). ಈಗ ಇರುವುದು ಹೊರಗಿನಿಂದ ಸ್ಕ್ರೂ ಹಾಕಿದ ತೆರೆಯುವ ಗ್ರಿಲ್ (ಫೋಟೋ 2). ಇದು ನಿಮ್ಮ ಮನೆಯವರ ಸುರಕ್ಷತೆಗೇ ಸಾಲದು. ಇವೆರಡರಲ್ಲಿ ಒಂದನ್ನು 25-02-2025ರೊಳಗೆ ಮಾಡಿಸಿ: (ಅ) ಮೊದಲಿದ್ದ ಅಳತೆ, ಮಾದರಿಯ ಗ್ರಿಲ್ ಮಾಡಿಸಿ ಹೋಲ್ಡ್‌ಫಾಸ್ಟ್‌ನಿಂದ ಗೋಡೆಗೆ ಹೂಳುವುದು, ಅಥವಾ (ಆ) ಎಸಿ ಸರ್ವಿಸ್‌ಗೆ ತೆರೆಯುವ ಗ್ರಿಲ್ಲೇ ಬೇಕಿದ್ದರೆ, ಅದರ ಚೌಕಟ್ಟನ್ನು ಹೋಲ್ಡ್‌ಫಾಸ್ಟ್‌ಗೆ ಬೆಸುಗೆ ಹಾಕಿಸಿ, ಬೀಗ ಒಳಗಡೆಗೆ ಬರುವಂತೆ ಮಾಡಿಸುವುದು. ಯಾವುದನ್ನು ಮಾಡಿಸುತ್ತೀರಿ ಅಂತ ಕೆಲಸಕ್ಕೆ ಮುಂಚೆ ತಿಳಿಸಿ.
>
> 2. ಬಚ್ಚಲುಮನೆಯ ಟೈಲ್ಸ್. ನಾಲ್ಕು ತೂತು, ಒಂದು ಸೀಳಿದ ಟೈಲ್ (ಫೋಟೋ 3, 4). ಹಿಂದಿನ ಗೋಡೆ ನೆನೆಯುತ್ತಿದೆ. ಸೀಳಿದ ಟೈಲ್ ಬದಲಿಸಿ, ತೂತುಗಳನ್ನು ನೀರು ಇಳಿಯದಂತೆ ಮುಚ್ಚಿಸಿ. ಉಳಿಕೆ ಟೈಲ್ಸ್ ನನ್ನ ಹತ್ತಿರ ಇವೆ, ಕೊಡುತ್ತೇನೆ. ಗಡುವು: 25-02-2025.
>
> 3. ಎಸಿ ಪೈಪಿನ ತೂತು. ಪೈಪಿನ ಸುತ್ತಲಿನ ಸಂದಿಯನ್ನು ಒಳಗೆ, ಹೊರಗೆ ಎರಡೂ ಕಡೆ 25-02-2025ರೊಳಗೆ ಮುಚ್ಚಿಸಿ. ಎಸಿ ತೆಗೆಯುವಾಗ ಇಡೀ ತೂತನ್ನು ಇಟ್ಟಿಗೆ ಚೂರು, ಸಿಮೆಂಟ್ ಗಾರೆಯಿಂದ ತುಂಬಿಸಿ ಬಣ್ಣ ಹಚ್ಚಿಸಬೇಕು.
>
> 4. ಕೋಣೆಗಳ ಗೋಡೆಯಲ್ಲಿರುವ ಒಂಬತ್ತು ತೂತು (ಫೋಟೋ 5ರಿಂದ 9). ಈಗ ಏನೂ ಮಾಡಬೇಕಿಲ್ಲ. ಮನೆ ಬಿಡುವ ಮುಂಚೆ ಪುಟ್ಟಿ ತುಂಬಿ, ಅದೇ ಬಣ್ಣ ಹಚ್ಚಿಸಿ ಕೊಡಿ.
>
> ಹಾಲಿನ ಟಿವಿ ಸ್ಟ್ಯಾಂಡಿಗೆ ನಾನು ಒಪ್ಪಿದ್ದೆ. ಅದರ ಬಗ್ಗೆ ಹಿಂದೆ ಮೆಸೇಜಿನಲ್ಲಿ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.
>
> ಕೆಲಸದ ಖರ್ಚು ನಿಮ್ಮದು. ನಿಮಗೆ ಗೊತ್ತಿರುವ ಮೇಸ್ತ್ರಿಯಿಂದ ಮಾಡಿಸಬಹುದು. ಬೇಕಿದ್ದರೆ ನಾನೇ ಜನ ಕಳಿಸಿ, ಮುಂಚೆ ಲೆಕ್ಕ ತೋರಿಸಿ, ಬಿಲ್ ಕೊಡುತ್ತೇನೆ. ದಿನಾಂಕ ಹೊಂದದಿದ್ದರೆ ಒಂದು ವಾರದೊಳಗೆ ಬರೆದು ತಿಳಿಸಿ. ಇನ್ನು ಮುಂದೆ ಗೋಡೆ ಕೊರೆಯುವ, ಗ್ರಿಲ್, ಬಾಗಿಲು, ವೈರಿಂಗ್, ನಲ್ಲಿ ಬದಲಿಸುವ ಮುಂಚೆ ದಯವಿಟ್ಟು ನನ್ನನ್ನು ಕೇಳಿ.
>
> ಇಂತಿ,
> (ಸಹಿ)
> ಮನೆ ಮಾಲೀಕರು
>
> ಲಗತ್ತು: ಫೋಟೋ 1ರಿಂದ 9

ಹದಿನೈದು ದಿನ ಕೊಟ್ಟಿರುವುದನ್ನು ಗಮನಿಸಿ. ಕಾಯ್ದೆಯ ಮೂರು ತಿಂಗಳು ಮುಗಿಯುವವರೆಗೆ ತೆರೆದ ಕಿಟಕಿ ಇಟ್ಟುಕೊಂಡು ಕೂರಲು ಅವರಿಗೂ ಇಷ್ಟ ಇರುವುದಿಲ್ಲ. ಆದರೆ ಹದಿನಾರನೇ ದಿನವೇ ಕೋರ್ಟಿಗೆ ಹೋಗುತ್ತೇನೆ ಅಂತ ಬರೆಯುವುದು ಸರಿಯಲ್ಲ, ಅದು ನಿಲ್ಲುವುದೂ ಇಲ್ಲ. ಇನ್ನು ಟಿವಿ ಬಗ್ಗೆ ನನ್ನ ತಪ್ಪು ಒಪ್ಪಿಕೊಂಡ ಆ ಒಂದು ಸಾಲು. ಅದನ್ನು ಓದಿ ಅವರ ದನಿಯೇ ಬದಲಾಯಿತು.

ತಲುಪಿಸುವುದು

ಎರಡು ಪ್ರತಿ ಮಾಡಿ ಕೈಯಾರೆ ಕೊಡಿ. ನಿಮ್ಮ ಪ್ರತಿಯ ಮೇಲೆ “ತಲುಪಿದೆ” ಅಂತ ಬರೆಸಿ ಸಹಿ, ದಿನಾಂಕ ಹಾಕಿಸಿಕೊಳ್ಳಿ. ಸಹಿ ಹಾಕಲು ಹಿಂಜರಿದರೆ ಒತ್ತಾಯ ಬೇಡ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಮತ್ತು ತಲುಪಿದ ದಾಖಲೆ ಇಟ್ಟುಕೊಳ್ಳಿ. ಜೊತೆಗೆ ಅದೇ ಪತ್ರವನ್ನು ಫೋಟೋ ಸಮೇತ ವಾಟ್ಸಾಪ್‌ನಲ್ಲೂ ಹಾಕಿ. ಅವರಿಗೆ ಕನ್ನಡ ಓದಲು ಬರದಿದ್ದರೆ ಅವರಿಗೆ ತಿಳಿಯುವ ಭಾಷೆಯಲ್ಲಿ ಇನ್ನೊಂದು ಪ್ರತಿ ಸೇರಿಸಿ.

ಕೆಲಸ ಸರಿಯಾಗಿದೆಯಾ ಅಂತ ಕಂಡುಹಿಡಿಯುವುದು

ಜಗಳ ಮತ್ತೆ ಹುಟ್ಟುವುದು ಇಲ್ಲೇ. “ಮುಚ್ಚಿಸಿದ್ದೀವಿ ಸರ್” ಅನ್ನುತ್ತಾರೆ, ಹೋಗಿ ನೋಡಿದರೆ ತೂತಿಗೆ ಟೂತ್‌ಪೇಸ್ಟ್ ತುಂಬಿರುತ್ತದೆ. ಒಣಗಿದ ಮೇಲೆ ಅದು ಕುಗ್ಗಿ ನಡುವೆ ಗುಳಿ ಬೀಳುತ್ತದೆ, ಮೇಲೆ ಹಚ್ಚಿದ ಬಣ್ಣವೂ ಸರಿಯಾಗಿ ಹಿಡಿಯುವುದಿಲ್ಲ. ಸರಿಯಾದ ರೀತಿ ಹೀಗೆ. ಸ್ಕ್ರೂ ತೆಗೆದ ಮೇಲೆ ಒಳಗಿನ ಪ್ಲಾಸ್ಟಿಕ್ ಪ್ಲಗ್ ಸಲೀಸಾಗಿ ಬಂದರೆ ತೆಗೆಯಬೇಕು. ಬಿಗಿಯಾಗಿದ್ದರೆ ಎಳೆದು ಗಾರೆ ಕೀಳುವುದಕ್ಕಿಂತ, ಕಾಲು ಇಂಚು ಒಳಕ್ಕೆ ತಳ್ಳುವುದೇ ವಾಸಿ. ಧೂಳು ಒರೆಸಿ, ಸ್ವಲ್ಪ ನೀರು ತಾಕಿಸಿ, ಪುಟ್ಟಿಯನ್ನು ಎರಡು ಸಲ ತುಂಬಬೇಕು. ಮೊದಲಿನದು ಒಣಗಿ ಕುಗ್ಗಿದ ಮೇಲೆ ಎರಡನೇದು. ಆಮೇಲೆ ಸ್ಯಾಂಡ್ ಪೇಪರ್‌ನಿಂದ ಉಜ್ಜಿ, ಪ್ರೈಮರ್ ಹಚ್ಚಿ, ಬಣ್ಣ. ಪರೀಕ್ಷೆ ಮಾಡಲು ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಗೋಡೆಗೆ ಒರಗಿಸಿ ಪಕ್ಕದಿಂದ ಬೆಳಕು ಬಿಡಿ. ಉಬ್ಬು, ಗುಳಿ ಇದ್ದರೆ ನೆರಳು ಬಿದ್ದು ಕಾಣುತ್ತದೆ.

ಬಣ್ಣದ ವಿಷಯದಲ್ಲಿ ಮಾಲೀಕರು ನ್ಯಾಯವಾಗಿರಬೇಕು. ಮೂರು ವರ್ಷದ ಹಳೇ ಗೋಡೆಗೆ ಅದೇ ಕಂಪನಿಯ ಅದೇ ನಂಬರಿನ ಬಣ್ಣ ತಂದರೂ ತೇಪೆ ಕಾಣುತ್ತದೆ. ಹಳೇದು ಮಾಸಿರುತ್ತದಲ್ಲ. ತೂತು ಜಾಸ್ತಿ ಇರುವ ಒಂದು ಗೋಡೆಯನ್ನು ಮೂಲೆಯಿಂದ ಮೂಲೆಗೆ ಹಚ್ಚಿಸಿ ಅಂತ ಕೇಳಬಹುದು. ಇಡೀ ಮನೆಗೆ ಹಚ್ಚಿಸಿ ಅನ್ನುವುದು ಸರಿಯಲ್ಲ. ಅದರಲ್ಲೂ ನಿಮ್ಮ ಅಗ್ರಿಮೆಂಟಿನಲ್ಲಿ “ಬಿಡುವಾಗ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿಯಲಾಗುವುದು” ಅಂತ ಇದ್ದರೆ, ಬಣ್ಣದ ದುಡ್ಡು ಆಗಲೇ ಅದರಲ್ಲಿ ಬಂದಿದೆ. ಅದೇ ಗೋಡೆಗೆ ಎರಡನೇ ಸಲ ದುಡ್ಡು ಕೇಳಬೇಡಿ. ಗಾರೆ ಕಿತ್ತದ್ದು, ತೂತು ತುಂಬುವುದು ಇಷ್ಟಕ್ಕೆ ಮಾತ್ರ ಕೇಳಿ.

ಎಸಿ ತೂತಿನ ಮೇಲೆ ಹೆಚ್ಚು ಕಣ್ಣಿರಲಿ. ಒಳಗೆ ಕಾಗದ ತುರುಕಿ ಮೇಲೆ ಪಿಒಪಿ ಸವರಿದರೆ ಅವತ್ತಿಗೆ ನುಣ್ಣಗೆ ಕಾಣುತ್ತದೆ. ಒಂದು ಮಳೆಗಾಲ ಕಳೆದರೆ ಉಬ್ಬುತ್ತದೆ. ಬೆರಳಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಒಳಗೆ ಏನೂ ಇಲ್ಲ ಅಂತ. ಗಾರೆ ತುಂಬಿದ ಮೇಲೆ, ಬಣ್ಣಕ್ಕೆ ಮುಂಚೆ ಒಂದು ಫೋಟೋ ಕಳಿಸಿ ಅಂತ ಹೇಳಿದರೆ ಈ ಅನುಮಾನವೇ ಇರುವುದಿಲ್ಲ. ಗಾರೆಗೆ ಕೆಲವು ದಿನ ನೀರು ಹಾಕಿ, ಚೆನ್ನಾಗಿ ಒಣಗಿದ ಮೇಲೆ ಪುಟ್ಟಿ. ಮನೆ ಬಿಡುವ ಹಿಂದಿನ ದಿನ ಶುರು ಮಾಡುವ ಕೆಲಸ ಇದಲ್ಲ. ಅದಕ್ಕೇ ಎರಡು ವಾರ ಮುಂಚೆ ಎಸಿ ಬಿಚ್ಚಿಸಿ ಅಂತ ನೆನಪು ಮಾಡಿ.

ಟೈಲಿನಲ್ಲಿ ಒಂದು ಮಿತಿ ಇದೆ. ಕೊರೆದ ಟೈಲ್ ಮೊದಲಿನಂತೆ ಆಗುವುದಿಲ್ಲ. ಉಳಿಕೆ ಟೈಲ್ ಇದ್ದರೆ ಬದಲಿಸಬಹುದು. ಇಲ್ಲದಿದ್ದರೆ ಬಣ್ಣ ಹೊಂದುವ ಎಪಾಕ್ಸಿ ತುಂಬಿಸಿ ಅಷ್ಟಕ್ಕೆ ತೃಪ್ತಿ ಪಡಬೇಕು. ಹಳೇ ವಿನ್ಯಾಸ ಅಂಗಡಿಯಲ್ಲಿ ಸಿಗುವುದಿಲ್ಲ ಅಂತ ಇಡೀ ಬಚ್ಚಲುಮನೆಯ ಟೈಲ್ಸ್ ದುಡ್ಡು ಕೇಳುವವರನ್ನು ನೋಡಿದ್ದೇನೆ, ಅದು ಅನ್ಯಾಯ.

ಗ್ರಿಲ್ ಕೂರಿಸುವ ದಿನ ಸಾಧ್ಯವಾದರೆ ನೀವೇ ಇರಿ. ಬೆಸುಗೆಯ ಕಿಡಿ ಹಾರಿ ಕಿಟಕಿ ಗಾಜಿನಲ್ಲಿ, ಗ್ರಾನೈಟಿನಲ್ಲಿ ಚುಕ್ಕೆ ಬೀಳುತ್ತದೆ. ಒದ್ದೆ ಗೋಣಿ ಹೊದಿಸಲು ಹೇಳಿ. ಬೆಸುಗೆ ಆದ ಜಾಗಕ್ಕೆ ರೆಡ್ ಆಕ್ಸೈಡ್ ಹಚ್ಚಿದ ಮೇಲೆಯೇ ಬಣ್ಣ. ಅದನ್ನು ಬಿಟ್ಟರೆ ಮುಂದಿನ ಮಳೆಗಾಲಕ್ಕೆ ತುಕ್ಕಿನ ನೀರು ಗೋಡೆ ಮೇಲೆ ಇಳಿಯುತ್ತದೆ. ಕೊನೆಗೆ ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿ. ಚೌಕಟ್ಟು ಕದಲಬಾರದು, ಹೊರಗಿನಿಂದ ಬಿಚ್ಚುವಂಥ ಸ್ಕ್ರೂ ಒಂದೂ ಇರಬಾರದು.

ನಮ್ಮವರು ಎರಡನೇ ದಾರಿಯನ್ನೇ ಆರಿಸಿಕೊಂಡರು. ವೆಲ್ಡರ್ ಹೊಸ ಗ್ರಿಲ್ಲಿಗೆ ಹೇಳಿದ ಲೆಕ್ಕ 4,200 ರೂಪಾಯಿ. ಇದ್ದ ಗ್ರಿಲ್ಲನ್ನೇ ಹೋಲ್ಡ್‌ಫಾಸ್ಟ್‌ಗೆ ಬೆಸೆದು, ಬೀಗ ಒಳಗೆ ಮಾಡಿಕೊಡಲು 1,600. ಬೆಂಕಿ ಅನಾಹುತ ಆದರೆ ಹೊರಬರಲು ಒಳಗಿನಿಂದ ತೆರೆಯುವ ಒಂದು ಗ್ರಿಲ್ ಇರುವುದು ಒಳ್ಳೆಯದೇ ಅಂತ ನನಗೂ ಅನಿಸಿತು. ಹಾಗಾಗಿ ಮನೆ ಬಿಡುವಾಗ ಹಳೇ ಮಾದರಿ ಬೇಡ, ಇದೇ ಇರಲಿ ಅಂತ ಬರೆದುಕೊಟ್ಟೆ. ಬೀಗದ ಕೀಲಿಯನ್ನು ಕಿಟಕಿಯ ಹತ್ತಿರವೇ, ಹೊರಗಿನವರ ಕೈಗೆ ಎಟುಕದ ಕಡೆ, ಒಂದು ಮೊಳೆಗೆ ತೂಗುಹಾಕಿದ್ದಾರೆ.

ಉತ್ತರವೇ ಬಾರದಿದ್ದರೆ

“ಮನೆ ಬಿಡುವಾಗ ಎಲ್ಲ ಮಾಡಿಸ್ತೀವಿ” ಅಂದರೆ ಗೋಡೆಯ ತೂತಿಗೆ ಒಪ್ಪಿ, ನೀರು ಇಳಿಯುವುದಕ್ಕೂ ಗ್ರಿಲ್ಲಿಗೂ ಒಪ್ಪಬೇಡಿ. “ಇದು ನಮಗಿಂತ ಮುಂಚೆ ಇದ್ದವರು ಮಾಡಿದ್ದು” ಅಂದರೆ ಮನೆ ಕೊಟ್ಟ ದಿನದ ಫೋಟೋ ತೋರಿಸಿ. ಫೋಟೋ ಇಲ್ಲದ ತೂತನ್ನು ಪಟ್ಟಿಯಿಂದ ತೆಗೆದುಬಿಡಿ. ಗಡುವು ಮುಗಿದರೂ ಸದ್ದಿಲ್ಲದಿದ್ದರೆ ಮೊದಲ ಪತ್ರದ ದಿನಾಂಕ ಹೇಳಿ ಚಿಕ್ಕದೊಂದು ಎರಡನೇ ಪತ್ರ ಕಳಿಸಿ. ಅದಕ್ಕೂ ಉತ್ತರ ಬಾರದಿದ್ದರೆ ವಕೀಲರ ಮೂಲಕ ನೋಟಿಸ್. ಕೋರ್ಟಿಗೆ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಇಬ್ಬರನ್ನೂ ಕೂರಿಸಿ ಮಾತಾಡಿಸುವ ದಾರಿಯೂ ಇದೆ. ಇಷ್ಟು ಮೊತ್ತದ ಜಗಳಕ್ಕೆ ಅದೇ ಹೊಂದುತ್ತದೆ.

ಯಾವ ಹಂತದಲ್ಲೂ ನೀರು ನಿಲ್ಲಿಸುವುದು, ಕರೆಂಟ್ ತೆಗೆಸುವುದು, ಬೀಗ ಬದಲಿಸುವುದು ಮಾಡಬೇಡಿ. ಅಲ್ಲಿಯವರೆಗೆ ನಿಮ್ಮ ಕಡೆ ಇದ್ದ ನ್ಯಾಯ ಆ ಕ್ಷಣವೇ ಆಚೆ ಕಡೆಗೆ ಹೋಗುತ್ತದೆ. ಅವರು ಇನ್ನೂ ಇರುವಾಗಲೇ ಅಡ್ವಾನ್ಸಿನಲ್ಲಿ ಹಿಡಿದುಕೊಂಡೆ ಅಂತ ಹೇಳುವುದೂ ಬೇಡ. ಬಿಡುವ ದಿನ ಪಟ್ಟಿ ಹಿಡಿದು ಜೊತೆಯಲ್ಲೇ ಮನೆ ನೋಡಿ, ಆಗದೆ ಉಳಿದ ಕೆಲಸಕ್ಕೆ ಮಾತ್ರ, ಬಿಲ್ ತೋರಿಸಿ ಹಿಡಿಯಿರಿ. ಉಳಿದದ್ದನ್ನು ಅವತ್ತೇ ಕೊಟ್ಟುಬಿಡಿ.

ಕೆಲಸ ಆದ ಮೇಲೆ ಇನ್ನೊಂದು ಕಾಗದ ಬರೆಯುವುದು ಬಾಕಿ ಇರುತ್ತದೆ, ಇದು ನಿಮ್ಮಿಂದ ಅವರಿಗೆ. ನಾನು ಬರೆದದ್ದು ಇಷ್ಟೇ: “10-02-2025ರ ಪತ್ರದ 1, 2ನೇ ವಿಷಯಗಳು ಮುಗಿದಿವೆ, ನೋಡಿ ಒಪ್ಪಿದ್ದೇನೆ. 3ರಲ್ಲಿ ಸಂದಿ ಮುಚ್ಚಿದ್ದು ಆಗಿದೆ. ಎಸಿ ತೆಗೆದಾಗ ತೂತು ಮುಚ್ಚುವುದು, 4ರ ಒಂಬತ್ತು ತೂತು, ಇವೆರಡು ಮಾತ್ರ ಬಾಕಿ.” ಕೆಳಗೆ ಇಬ್ಬರ ಸಹಿ. ಅದರ ಒಂದು ಪ್ರತಿ ಈಗ ಅವರ ಅಗ್ರಿಮೆಂಟಿನ ಜೊತೆ ಇದೆ, ಇನ್ನೊಂದು ನನ್ನ ಫೈಲಿನಲ್ಲಿದೆ.